ಎಚ್‌ಡಿಆರ್ ಆನ್ ಮಾಡಿದ ತಕ್ಷಣ ಗೇಮ್ ಮಂಕಾಗುತ್ತೆ: ಮಾನಿಟರ್ ಕೆಟ್ಟಿದೆಯಾ, ಸೆಟ್ಟಿಂಗ್ ತಪ್ಪಾ?

ಪವನ್

ಎಲ್ಲರಿಗೂ ನಮಸ್ಕಾರ. ಹೊಸದಾಗಿ 27 ಇಂಚಿನ ಐಪಿಎಸ್ ಮಾನಿಟರ್ ತಗೊಂಡೆ, 2560×1440. ಡಬ್ಬದ ಮೇಲೆ ದೊಡ್ಡದಾಗಿ ಎಚ್‌ಡಿಆರ್10 ಅಂತ ಬರೆದಿದೆ, ಹೊಳಪು 350 ನಿಟ್ ಅಂತಲೂ ಇದೆ. ಎರಡು ದಿನ ಮಾಮೂಲಿ ಮೋಡ್‌ನಲ್ಲೇ ಆಡಿದೆ, ಚಿತ್ರ ತುಂಬಾ ಚೆನ್ನಾಗಿತ್ತು. ನಿನ್ನೆ ರಾತ್ರಿ ಎಚ್‌ಡಿಆರ್ ಆನ್ ಮಾಡಿದೆ.

ಗೇಮ್‌ನಲ್ಲಿ ಒಂದು ಗುಹೆ ಬರುತ್ತೆ. ಒಳಗೆ ನಿಂತು ಬಾಯಿಯ ಕಡೆ ನೋಡಿದರೆ ಹೊರಗಿನ ಆಕಾಶ ಕಾಣುತ್ತೆ. ಮೊದಲು ಗುಹೆಯ ಗೋಡೆ ಕಪ್ಪಾಗಿತ್ತು, ಕಲ್ಲಿನ ಗೆರೆಗಳು ಅಲ್ಲಲ್ಲಿ ಮಿನುಗುತ್ತಿದ್ದವು. ಎಚ್‌ಡಿಆರ್ ಹಾಕಿದ ಮೇಲೆ ಗೋಡೆಯೆಲ್ಲ ಬೂದಿ ಬಳಿದ ಹಾಗೆ ಆಯ್ತು. ಆಕಾಶದಲ್ಲಿದ್ದ ಮೋಡ ಮಾಯವಾಗಿ ಬರೀ ಬಿಳಿ ಉಳೀತು. ಮಾನಿಟರ್ ಮೆನುವಿನಲ್ಲಿ ಬ್ರೈಟ್‌ನೆಸ್ ಬದಲಾಯಿಸೋಣ ಅಂದರೆ ಆ ಗೆರೆಯೇ ಮಸುಕಾಗಿದೆ, ಮುಟ್ಟೋಕೆ ಬಿಡೋದಿಲ್ಲ. ಪೀಸ್ ಕೆಟ್ಟದ್ದು ಬಂದಿದೆಯಾ? ವಾಪಸ್ ಕೊಡೋಕೆ ಇನ್ನೂ ಕೆಲವು ದಿನ ಇದೆ, ಅದಕ್ಕೇ ಕೇಳ್ತಿದ್ದೀನಿ.

ಚೇತನ್

ಇದು 8 ಬಿಟ್ ಪ್ಯಾನೆಲ್ ಸಮಸ್ಯೆ ಗುರು. ಎಚ್‌ಡಿಆರ್‌ಗೆ 10 ಬಿಟ್ ಬೇಕು. ಅಗ್ಗದ ಮಾನಿಟರ್‌ಗಳಲ್ಲಿ 8 ಬಿಟ್ ಪ್ಯಾನೆಲ್ ಹಾಕಿ, ಎರಡು ಬಣ್ಣಗಳನ್ನು ಒಂದಾದ ಮೇಲೊಂದು ಬೇಗ ಬೇಗ ತೋರಿಸಿ ನಡುವಿನ ಬಣ್ಣ ಕಂಡ ಹಾಗೆ ಮಾಡ್ತಾರೆ. ಸಾಕಷ್ಟು ಬಣ್ಣ ಇಲ್ಲದಿದ್ದರೆ ಮಂಕಾಗದೆ ಇನ್ನೇನಾಗುತ್ತೆ? 10 ಬಿಟ್ ಇರೋದು ತಗೋ, ಸರಿಹೋಗುತ್ತೆ.

ನಾಗರಾಜ್

ನನ್ನ ಫೋನ್‌ನಲ್ಲೂ ಎಚ್‌ಡಿಆರ್ ಇದೆ. ಕಿಟಕಿಯ ಎದುರು ನಿಂತವರ ಫೋಟೋ ತೆಗೆದರೆ ಮುಖವೂ ಕಾಣುತ್ತೆ, ಹೊರಗಿನ ಮರವೂ ಕಾಣುತ್ತೆ. ಬೇರೆ ಬೇರೆ ಬೆಳಕಿನಲ್ಲಿ ಮೂರು ನಾಲ್ಕು ಫೋಟೋ ತೆಗೆದು ಸೇರಿಸುತ್ತೆ. ಹಾಗೆ ಸೇರಿಸಿದಾಗ ನೆರಳು ಸ್ವಲ್ಪ ಬೂದಿಯಾಗೋದು ಸಹಜ. ಮಾನಿಟರ್ ಕೂಡ ಅದನ್ನೇ ಮಾಡ್ತಿರಬೇಕು. ಅದು ಇರೋದೇ ಹಾಗೆ ಅನ್ಸುತ್ತೆ, ಕೆಟ್ಟಿಲ್ಲ.

ಶ್ರೀಧರ

ಪವನ್, ಮಾನಿಟರ್ ಕೆಟ್ಟಿಲ್ಲ. ಸೆಟ್ಟಿಂಗ್ ಅಷ್ಟೇ ಕಾರಣ ಅಂತಲೂ ಹೇಳೋಕಾಗಲ್ಲ. ನಾನು ವಿಡಿಯೋ ಬಣ್ಣ ತಿದ್ದುವ ಕೆಲಸ ಮಾಡುವವನು, ದಿನವೂ ಪರದೆ ಅಳೆಯುತ್ತೇನೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ನಾಗರಾಜ್ ಸರ್ ಹೇಳಿದ್ದರ ಬಗ್ಗೆ. ಹೆಸರು ಒಂದೇ, ಕೆಲಸ ಮಾತ್ರ ತಲೆಕೆಳಗು. ಫೋನ್ ಕ್ಯಾಮೆರಾ ಮಾಡುವುದು ಹೊರಗಿನ ದೊಡ್ಡ ಬೆಳಕಿನ ವ್ಯತ್ಯಾಸವನ್ನು ಕುಗ್ಗಿಸಿ ಮಾಮೂಲಿ ಚಿತ್ರದೊಳಗೆ ಹಿಡಿಸುವ ಕೆಲಸ. ಮಾನಿಟರ್‌ನ ಎಚ್‌ಡಿಆರ್‌ನಲ್ಲಿ ಆ ವ್ಯತ್ಯಾಸವನ್ನು ಕುಗ್ಗಿಸದೆ ನಿಮ್ಮ ಕಣ್ಣಿನ ಮುಂದೆ ಇಡಬೇಕು. ಗುಹೆಯ ಗೋಡೆ ನಿಜವಾಗಿ ಕತ್ತಲಾಗಿರಬೇಕು, ಅದೇ ಕ್ಷಣದಲ್ಲಿ ಅದೇ ಪರದೆಯಲ್ಲಿ ಹೊರಗಿನ ಸೂರ್ಯ ಕಣ್ಣು ಕುಕ್ಕಬೇಕು. ಕತ್ತಲು ಮತ್ತು ಬೆಳಕು ಒಟ್ಟಿಗೆ ಇರಬೇಕು ಅನ್ನುವುದೇ ಇಲ್ಲಿ ಮುಖ್ಯ. ಪವನ್ ಪರದೆ ಸೋತಿರುವುದೂ ಅಲ್ಲೇ.

ಮಾಮೂಲಿ ಸಿಗ್ನಲ್‌ನಲ್ಲಿ ಗೇಮ್ "ಇದು ಪೂರ್ತಿ ಬಿಳಿ" ಅಂತ ಮಾತ್ರ ಹೇಳುತ್ತದೆ. ಆ ಬಿಳಿ ಎಷ್ಟು ಹೊಳೆಯಬೇಕು ಅನ್ನುವುದು ನೀವು ಬ್ರೈಟ್‌ನೆಸ್ ಎಷ್ಟಕ್ಕೆ ಇಟ್ಟಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಎಚ್‌ಡಿಆರ್10 ಸಿಗ್ನಲ್ ಹಾಗಲ್ಲ. ಅದು ಪ್ರತಿ ಪಿಕ್ಸೆಲ್‌ಗೂ ಇಷ್ಟು ನಿಟ್ ಅಂತ ನೇರವಾಗಿ ಲೆಕ್ಕ ಕೊಡುತ್ತದೆ. ಗೋಡೆಗೆ 0.05 ನಿಟ್, ಕೈಯಲ್ಲಿರುವ ಕಾಗದಕ್ಕೆ 200, ಸೂರ್ಯನಿಗೆ 1000. ಆ ಲೆಕ್ಕದ ಮೇಲಿನ ಮಿತಿ 10,000 ನಿಟ್. ಅಷ್ಟನ್ನು ತೋರಿಸುವ ಮಾನಿಟರ್ ಮನೆಗಳಲ್ಲಿ ಇಲ್ಲ, ಅದು ಪರವಾಗಿಲ್ಲ. ಆದರೆ ಡಬ್ಬದ ಮೇಲೆ ಎಚ್‌ಡಿಆರ್10 ಅಂತ ಇದ್ದರೆ ಅದರ ಅರ್ಥ "ಈ ಸಿಗ್ನಲ್ ಕೊಟ್ಟರೆ ನನಗೆ ಓದಲು ಬರುತ್ತದೆ" ಅಂತ ಮಾತ್ರ. ಓದಿದ್ದನ್ನು ತೋರಿಸುವ ಶಕ್ತಿ ಇದೆಯೋ ಇಲ್ಲವೋ ಅನ್ನುವುದನ್ನು ಆ ಹೆಸರು ಹೇಳುವುದೇ ಇಲ್ಲ.

ಚೇತನ್, ನೀವು ಹೇಳಿದ್ದು ಅರ್ಧ ಸರಿ. ಬಿಟ್ ಕಡಿಮೆಯಾದರೆ ಆಕಾಶದಂಥ ಜಾಗದಲ್ಲಿ ಬಣ್ಣ ನಯವಾಗಿ ಬದಲಾಗದೆ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ಆ ದೋಷ ನಿಜವಾಗಿಯೂ ಇದೆ. ಆದರೆ ಕಪ್ಪು ಬೂದಿಯಾಗುವುದಕ್ಕೂ ಬಿಟ್‌ಗೂ ಸಂಬಂಧ ಇಲ್ಲ. ಪೂರ್ತಿ ಕಪ್ಪು ಅನ್ನುವುದು 8 ಬಿಟ್‌ನಲ್ಲೂ ಸೊನ್ನೆ, 10 ಬಿಟ್‌ನಲ್ಲೂ ಸೊನ್ನೆ. ಆ ಸೊನ್ನೆಯನ್ನು ಪ್ಯಾನೆಲ್ ಎಷ್ಟು ಕತ್ತಲಾಗಿ ತೋರಿಸಬಲ್ಲದು ಅನ್ನುವುದೇ ಇಲ್ಲಿನ ಪ್ರಶ್ನೆ.

ಪವನ್, ಎರಡು ವಿಷಯ ತಿಳಿಸಿ. ಮಾಮೂಲಿ ಮೋಡ್‌ನಲ್ಲಿ ಬ್ರೈಟ್‌ನೆಸ್ ಎಷ್ಟಕ್ಕೆ ಇಟ್ಟಿದ್ದಿರಿ? ಎರಡನೆಯದು, ಎಚ್‌ಡಿಆರ್ ಆನ್ ಇರುವಾಗ `dxdiag` ತೆರೆದು, `Save All Information` ಒತ್ತಿ, ಉಳಿಸಿದ ಫೈಲ್‌ನಲ್ಲಿ `Display Luminance` ಇರುವ ಸಾಲನ್ನು ಇಲ್ಲಿ ಹಾಕಿ.

ಪವನ್

ಬ್ರೈಟ್‌ನೆಸ್ 30ರಲ್ಲಿ ಇತ್ತು ಸರ್. ರಾತ್ರಿ ಹೊತ್ತು ಆಡೋದು, ಅದಕ್ಕಿಂತ ಜಾಸ್ತಿ ಇಟ್ಟರೆ ಕಣ್ಣು ಉರಿಯುತ್ತೆ. ಆ ಸಾಲಿನಲ್ಲಿ ಹೀಗಿದೆ:

```
Max Luminance = 351.000000, MaxFullFrameLuminance = 351.000000
```

ಶ್ರೀಧರ

ನಿರೀಕ್ಷಿಸಿದ್ದೇ ಬಂತು. ಇದು ಮಾನಿಟರ್ ತನ್ನ ಬಗ್ಗೆ ಕಂಪ್ಯೂಟರ್‌ಗೆ ತಾನೇ ಹೇಳಿಕೊಂಡ ಸಂಖ್ಯೆ, ಅಳತೆ ಅಲ್ಲ. ಕೆಲವು ಮಾನಿಟರ್‌ಗಳಲ್ಲಿ ಇದು ಸುಳ್ಳೇ ಇರುತ್ತದೆ. ನಿಮ್ಮದರಲ್ಲಿ ಡಬ್ಬದ ಮಾತಿಗೆ ಹೊಂದುತ್ತಿದೆ, ಹಾಗಾಗಿ ನಂಬೋಣ.

ಗುಹೆಯ ಲೆಕ್ಕ ಮಾಡೋಣ. ಐಪಿಎಸ್ ಪ್ಯಾನೆಲ್ ತನ್ನ ಹಿಂದಿನ ಬೆಳಕನ್ನು ಪೂರ್ತಿ ತಡೆಯಲಾರದು. ಸುಮಾರು ಸಾವಿರದಲ್ಲಿ ಒಂದು ಪಾಲು ಸೋರುತ್ತದೆ. ಕಾಂಟ್ರಾಸ್ಟ್ 1000:1 ಅನ್ನುವುದು ಇದನ್ನೇ. 30ರ ಬ್ರೈಟ್‌ನೆಸ್‌ನಲ್ಲಿ ನಿಮ್ಮ ಪರದೆಯ ಬಿಳಿ 120 ನಿಟ್ ಆಸುಪಾಸು ಇರಬಹುದು, ಹಾಗೆ ಇಟ್ಟುಕೊಳ್ಳೋಣ. ಆಗ ಕಪ್ಪು ಅಂದರೆ 0.12 ನಿಟ್. ಬಿಳಿಗೂ ಕಪ್ಪಿಗೂ ಸಾವಿರ ಪಟ್ಟು ಅಂತರ. ನಿಮಗೆ ಇಷ್ಟವಾದ ಚಿತ್ರ ಅದು.

ಎಚ್‌ಡಿಆರ್ ಆನ್ ಮಾಡಿದಿರಿ. ಗೇಮ್ ಯಾವ ಕ್ಷಣದಲ್ಲಾದರೂ ದೊಡ್ಡ ಹೊಳಪು ಕೇಳಬಹುದು, ಆದ್ದರಿಂದ ಮಾನಿಟರ್ ಬ್ಯಾಕ್‌ಲೈಟನ್ನು ಪೂರ್ತಿ ಏರಿಸಿ ಅಲ್ಲೇ ಬೀಗ ಹಾಕಿತು. ಬ್ರೈಟ್‌ನೆಸ್ ಗೆರೆ ಮಸುಕಾಗಿದ್ದು ಅದಕ್ಕೇ. ಈಗ ಬಿಳಿ 350ಕ್ಕೆ ಹೋಗಬಲ್ಲದು, ಆದರೆ ಅದರ ಜೊತೆ ಕಪ್ಪೂ 0.35ಕ್ಕೆ ಏರಿತು, ಮೊದಲಿಗಿಂತ ಮೂರು ಪಟ್ಟು. ಗುಹೆಯ ಗೋಡೆಗೆ ಬಳಿದ ಬೂದಿ ಅದೇ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಗೇಮ್‌ನ ಸಾಮಾನ್ಯ ವಸ್ತುಗಳು, ಅಂದರೆ ಬಟ್ಟೆ, ಮುಖ, ನೆಲ, ಇವೆಲ್ಲ ಎಚ್‌ಡಿಆರ್‌ನಲ್ಲೂ ಮೊದಲಿನಷ್ಟೇ ಹೊಳಪಿನಲ್ಲಿ ಇರುತ್ತವೆ. ಮೇಲಿನ ಜಾಗ ಸೂರ್ಯ, ಬೆಂಕಿ, ನೀರಿನ ಮಿಂಚಿಗೆ ಮೀಸಲು. ಅಂದರೆ ನೀವು ಹೆಚ್ಚು ಹೊತ್ತು ನೋಡುವ ಭಾಗದ ಬಿಳಿ ಇನ್ನೂ 120 ನಿಟ್‌ನಲ್ಲೇ ಇದೆ, ಕಪ್ಪು ಮಾತ್ರ 0.35. ಭಾಗಿಸಿ ನೋಡಿ, 340ರ ಹತ್ತಿರ ಬರುತ್ತದೆ. ಸಾವಿರ ಇದ್ದ ಕಾಂಟ್ರಾಸ್ಟ್ ಕಣ್ಣಿಗೆ ಮೂರರಲ್ಲೊಂದಾಯಿತು. ಹೆಸರಿಗೆ ಎಚ್‌ಡಿಆರ್, ಆದರೆ ನಿಮ್ಮ ಪರದೆಯಲ್ಲಿ ಅದು ವ್ಯಾಪ್ತಿಯನ್ನು ಕಡಿಮೆ ಮಾಡಿತು. ಇದನ್ನು ನೋಡಿದಾಗ ನನಗೆ ನಿಜವಾಗಿ ಬೇಸರವಾಗುತ್ತದೆ, ಯಾಕೆಂದರೆ ಇದೇ ಮೊದಲ ಎಚ್‌ಡಿಆರ್ ಆಗಿ ಕಂಡವರು ಆ ತಂತ್ರವೇ ದಂಡ ಅಂದುಕೊಂಡು ಬಿಡುತ್ತಾರೆ.

ಚೇತನ್

ಸರಿ, ಕಪ್ಪಿನ ವಿಷಯ ಒಪ್ಪಿದೆ. ಆದರೆ ಮೋಡ ಮಾಯವಾಗಿದ್ದು? ಅದು ಬಿಟ್ ಕಡಿಮೆ ಆಗಿದ್ದಕ್ಕೇ ಇರಬೇಕಲ್ಲ?

ಶ್ರೀಧರ

ಅಲ್ಲ. ಗೇಮ್ 1000 ನಿಟ್‌ನ ಪರದೆ ಇದೆ ಅಂದುಕೊಂಡು ಚಿತ್ರ ಕಳಿಸುತ್ತಿದೆ. ಮೋಡದ ಅಂಚು 400, ನಡುಭಾಗ 600, ಸೂರ್ಯನ ಹತ್ತಿರ 900 ಅಂತ ಬರುತ್ತದೆ. 350ಕ್ಕೆ ನಿಲ್ಲುವ ಪರದೆಗೆ ಆ ಮೂರೂ ಒಂದೇ ಬಿಳಿ. ಒಳ್ಳೆಯ ಮಾನಿಟರ್ ಆದರೆ ಮಿತಿ ಹತ್ತಿರ ಬಂದಂತೆ ನಿಧಾನವಾಗಿ ಬಾಗಿಸಿ ಎಲ್ಲವನ್ನೂ ಒಳಗೆ ಹಿಡಿಸುತ್ತದೆ. ಕೆಲವು ಅಗ್ಗದ ಮಾನಿಟರ್‌ಗಳು ಕತ್ತರಿ ಹಾಕಿದ ಹಾಗೆ ಅಲ್ಲೇ ಕಡಿದುಬಿಡುತ್ತವೆ. ಇದನ್ನು ಮಾತ್ರ ಸೆಟ್ಟಿಂಗ್‌ನಿಂದ ಸರಿಮಾಡಬಹುದು.

ಪವನ್, ವಿಂಡೋಸ್ 11 ಇದ್ದರೆ `Windows HDR Calibration` ಆ್ಯಪ್ ಹಾಕಿಕೊಳ್ಳಿ. ಕೋಣೆ ಕತ್ತಲು ಮಾಡಿ, ಮಾನಿಟರ್ ಅರ್ಧ ಗಂಟೆ ಉರಿದ ಮೇಲೆ ಮಾಡಿ. ಮೊದಲ ಚಿತ್ರ ಕಪ್ಪಿಗೆ, ಎರಡನೆಯದು ಗರಿಷ್ಠ ಹೊಳಪಿಗೆ, ಮೂರನೆಯದು ಇಡೀ ಪರದೆಯ ಹೊಳಪಿಗೆ. ಪ್ರತಿಯೊಂದರಲ್ಲೂ ಒಳಗಿನ ಆಕೃತಿ ಕಣ್ಣಿಗೆ ಕಾಣದಾಗುವವರೆಗೆ ಗೆರೆ ಸರಿಸಬೇಕು. ಎರಡನೆಯದರಲ್ಲಿ ಅದು ಎಲ್ಲಿ ಮಾಯವಾಯಿತೋ ಅದೇ ನಿಮ್ಮ ಪರದೆಯ ನಿಜವಾದ ಮೇಲ್ಮಿತಿ. ಆ ಸಂಖ್ಯೆಯನ್ನೇ ಗೇಮ್‌ನ ಎಚ್‌ಡಿಆರ್ ಮೆನುವಿನಲ್ಲಿ ಗರಿಷ್ಠ ಹೊಳಪಿನ ಜಾಗಕ್ಕೆ ಹಾಕಿ.

ಇನ್ನೊಂದು ಪರೀಕ್ಷೆಯನ್ನೂ ಇವತ್ತೇ ಮಾಡಿ. ಡೆಸ್ಕ್‌ಟಾಪ್ ಹಿನ್ನೆಲೆಯನ್ನು ಅಪ್ಪಟ ಕಪ್ಪು ಮಾಡಿ, ಐಕಾನ್‌ಗಳನ್ನೂ ಟಾಸ್ಕ್‌ಬಾರನ್ನೂ ಅಡಗಿಸಿ, ದೀಪ ಆರಿಸಿ, ಎಚ್‌ಡಿಆರ್ ಆನ್ ಇಟ್ಟು ಮೌಸ್ ಬಾಣವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಎಳೆಯಿರಿ. ಬಾಣದ ಸುತ್ತ ಏನು ನಡೆಯುತ್ತದೆ ನೋಡಿ ಹೇಳಿ.

ಲಲಿತಾ

ಶ್ರೀಧರ್ ಅವರೇ, ಆ ಮೌಸ್ ಪರೀಕ್ಷೆಯನ್ನು ನನ್ನದರಲ್ಲೂ ಈಗಷ್ಟೇ ಮಾಡಿದೆ. ನನ್ನದು ವಿಎ ಪ್ಯಾನೆಲ್, ಡಿಸ್‌ಪ್ಲೇಎಚ್‌ಡಿಆರ್ 600 ಗುರುತು ಇದೆ. ಅಂಚಿನಲ್ಲಿ ದೀಪ ಇಟ್ಟು 16 ಭಾಗ ಮಾಡಿದ್ದಾರೆ. ಬಾಣ ಹೋದ ಕಡೆಯೆಲ್ಲ ಮೇಲಿಂದ ಕೆಳಗಿನವರೆಗೆ ಒಂದು ಮಬ್ಬು ಬೆಳಕಿನ ಕಂಬ ಅದರ ಹಿಂದೆಯೇ ನಡೆದು ಬರುತ್ತದೆ. ಒಂದು ಕಂಬ ಆರುವ ಮುಂಚೆ ಪಕ್ಕದ್ದು ಹತ್ತಿಕೊಳ್ಳುತ್ತದೆ.

ಗೇಮ್‌ನಲ್ಲಿ ಇದು ನನಗೆ ದೊಡ್ಡ ಕಾಟ. ಕತ್ತಲ ದಾರಿಯಲ್ಲಿ ಕೈದೀಪ ಹಿಡಿದು ನಡೆದರೆ ದೀಪದ ಮೇಲಿನ ಆಕಾಶವೂ ಕೆಳಗಿನ ನೆಲವೂ ಉದ್ದಕ್ಕೆ ಬೆಳ್ಳಗಾಗುತ್ತವೆ. ಕೆಳಗೆ ಮಾತಿನ ಅಕ್ಷರ ಬಂದರಂತೂ ನಡುವಿನ ನಾಲ್ಕೈದು ಕಂಬ ಒಟ್ಟಿಗೆ ಹತ್ತುತ್ತವೆ, ಅಕ್ಷರ ಹೋದಾಗ ಒಟ್ಟಿಗೆ ಆರುತ್ತವೆ. ಕಥೆಯ ದುಃಖದ ಸನ್ನಿವೇಶದಲ್ಲಿ ಹೀಗಾದರೆ ಮನಸ್ಸೆಲ್ಲ ಪರದೆಯ ಕಡೆಗೇ ಹೋಗುತ್ತದೆ. ಕೊನೆಗೆ ದೀಪಗಳನ್ನು ಭಾಗ ಭಾಗವಾಗಿ ಏರಿಸಿ ಇಳಿಸುವ ಲೋಕಲ್ ಡಿಮ್ಮಿಂಗ್ ಆಫ್ ಮಾಡಿಬಿಟ್ಟೆ. ವಿಎ ಆದ್ದರಿಂದ ಕಪ್ಪು ಅದಿಲ್ಲದೆಯೂ ಪರವಾಗಿಲ್ಲ.

ಶ್ರೀಧರ

ಲಲಿತಾ ಅವರು ಕಂಡದ್ದನ್ನು ಲೆಕ್ಕದಲ್ಲಿ ಹೇಳುತ್ತೇನೆ. ಪವನ್ ಪರದೆಯಷ್ಟೇ ಪಿಕ್ಸೆಲ್ ಇರುವ ಪರದೆಯನ್ನು 16 ಕಂಬವಾಗಿ ಸೀಳಿದರೆ ಒಂದೊಂದು ಕಂಬ 160 ಪಿಕ್ಸೆಲ್ ಅಗಲ, 1440 ಪಿಕ್ಸೆಲ್ ಎತ್ತರ. ಎರಡು ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳಿಗೆ ಒಂದೇ ದೀಪ. 20 ಪಿಕ್ಸೆಲ್ ಅಗಲದ ದೀಪದ ಕುಡಿಗಾಗಿ ಆ ಇಡೀ ಕಂಬ ಹೊತ್ತಬೇಕು. ಪ್ಯಾನೆಲ್ ಹಿಂದೆಯೇ ಸಣ್ಣ ಎಲ್‌ಇಡಿಗಳನ್ನು ಹರಡಿ 1152 ಭಾಗ ಮಾಡಿದ ಮಿನಿ ಎಲ್‌ಇಡಿ ಮಾನಿಟರ್‌ಗಳಿವೆ. ಅವುಗಳಲ್ಲಿ ಒಂದು ಭಾಗ ಹೆಚ್ಚುಕಡಿಮೆ 56 ಪಿಕ್ಸೆಲ್‌ನ ಚೌಕ. ಅಲ್ಲೂ ದೀಪದ ಸುತ್ತ ಪ್ರಭೆ ಕಾಣುತ್ತದೆ, ಆದರೆ ಅದು ದೀಪದ ಹತ್ತಿರವೇ ಇರುವುದರಿಂದ ಕಣ್ಣು ಬಹುಪಾಲು ಒಪ್ಪಿಕೊಳ್ಳುತ್ತದೆ.

ಆದರೂ ನಾನು ನಿಮ್ಮ ಜಾಗದಲ್ಲಿದ್ದರೆ ಡಿಮ್ಮಿಂಗ್ ಪೂರ್ತಿ ಆಫ್ ಮಾಡುತ್ತಿರಲಿಲ್ಲ. ಹಗಲಿನ ದೃಶ್ಯಗಳಲ್ಲಿ, ಅರ್ಧ ಪರದೆ ಆಕಾಶ, ಅರ್ಧ ನೆರಳು ಇರುವ ಕಡೆ, ಅದು ಕೆಲಸ ಮಾಡುತ್ತದೆ.

ಲಲಿತಾ

ಇಲ್ಲ, ಇದನ್ನು ನಾನು ಒಪ್ಪಲ್ಲ. ನಿಮ್ಮ ಮಾತು ನೆರಳು ಎಡಕ್ಕೆ, ಬೆಳಕು ಬಲಕ್ಕೆ ಇದ್ದರೆ ಸರಿ. ಆಕಾಶ ಮೇಲೆ, ನೆಲ ಕೆಳಗೆ ಇದ್ದರೆ ನಿಂತ ಕಂಬದಿಂದ ಏನು ಪ್ರಯೋಜನ? ಎಲ್ಲ ಕಂಬದಲ್ಲೂ ಆಕಾಶ ಇದ್ದೇ ಇರುತ್ತದೆ, ಎಲ್ಲವೂ ಹತ್ತಿಕೊಂಡೇ ಇರುತ್ತವೆ. ಗೇಮ್‌ಗಳಲ್ಲಿ ಹೆಚ್ಚಿನ ದೃಶ್ಯ ಹಾಗೇ ಅಲ್ಲವಾ?

ಶ್ರೀಧರ

ಆಕಾಶದ ವಿಷಯದಲ್ಲಿ ನಿಮ್ಮ ಮಾತು ನಿಜ, ನನ್ನ ಉದಾಹರಣೆ ತಪ್ಪಾಯಿತು. ಒಳಾಂಗಣದಲ್ಲಿ, ಒಂದು ಬದಿಯಲ್ಲಿ ಕಿಟಕಿ ಇರುವಂಥ ಕಡೆ, ನನಗೆ ಉಪಯೋಗ ಕಂಡಿದೆ. ಅಷ್ಟಕ್ಕೆ ಸೀಮಿತ ಮಾಡುತ್ತೇನೆ.

ಸುಷ್ಮಾ

ನೀವೆಲ್ಲ ನಿಟ್ ನಿಟ್ ಅಂತ ಹೊಳಪಿನ ಹಿಂದೆ ಬಿದ್ದಿದ್ದೀರಿ, ಕಪ್ಪು ಮೊದಲು ಸರಿಯಾಗಬೇಕು ಅಂತ ನನ್ನ ಅಭಿಪ್ರಾಯ. ನಾನು ಒಎಲ್‌ಇಡಿ ಬಳಸುತ್ತೇನೆ. ಇಡೀ ಪರದೆ ಬಿಳಿ ಮಾಡಿದರೆ ಅದು ಪವನ್ ಅವರ ಮಾನಿಟರ್‌ಗಿಂತ ಮಂಕಾಗಿಯೇ ಕಾಣುತ್ತದೆ. ಹಿಮದ ಬಯಲಿನ ದೃಶ್ಯ ಬಂದಾಗ ಪರದೆ ತಾನಾಗಿಯೇ ಹೊಳಪು ಇಳಿಸಿಕೊಳ್ಳುವುದು ಕಣ್ಣಿಗೆ ಗೊತ್ತಾಗುತ್ತದೆ, ಅದು ನನಗೆ ಇಷ್ಟವಿಲ್ಲ. ಆದರೆ ಗುಹೆಯಲ್ಲಿ ನಿಂತರೆ ಕಪ್ಪು ಪಿಕ್ಸೆಲ್ ಪೂರ್ತಿ ಆರಿಹೋಗಿರುತ್ತದೆ, ಪಕ್ಕದ ಕಿಡಿ ಸಣ್ಣದಾದರೂ ಚುಚ್ಚುವ ಹಾಗೆ ಹೊಳೆಯುತ್ತದೆ. ಪ್ರತಿ ಪಿಕ್ಸೆಲ್‌ಗೂ ಅದರದೇ ಬೆಳಕು ಇರುವುದರಿಂದ ಭಾಗಗಳ ಲೆಕ್ಕವೇ ಬರುವುದಿಲ್ಲ. ಪವನ್, ವಾಪಸ್ ಕೊಡುವ ಅವಕಾಶ ಇದ್ದರೆ ಕೊಟ್ಟುಬಿಡಿ.

ಚೇತನ್

ಒಎಲ್‌ಇಡಿ ಎಲ್ಲರಿಗೂ ಎಟುಕುತ್ತಾ? ಡಿಸ್‌ಪ್ಲೇಎಚ್‌ಡಿಆರ್ 400 ಗುರುತು ಇರೋದು ತಗೊಂಡರೆ ಸಾಕಲ್ಲವಾ? ಅದು ಸಂಸ್ಥೆಯವರು ಪರೀಕ್ಷೆ ಮಾಡಿ ಕೊಡೋ ಗುರುತು, ಬರೀ ಬಾಯಿಮಾತಲ್ಲ.

ಶ್ರೀಧರ

ಪರೀಕ್ಷೆ ನಿಜ. ವೆಸಾ ಸಂಸ್ಥೆ 2017ರ ಕೊನೆಯಲ್ಲಿ ಈ ಗುರುತುಗಳನ್ನು ತಂದದ್ದೇ ಡಬ್ಬದ ಮೇಲಿನ ಬಾಯಿಮಾತಿಗೆ ಕಡಿವಾಣ ಹಾಕಲು. ಆದರೆ 400ರ ಹಳೆಯ ನಿಯಮ ಏನು ಕೇಳುತ್ತಿತ್ತು ನೋಡಿ. 400 ನಿಟ್ ಗರಿಷ್ಠ ಹೊಳಪು, 8 ಬಿಟ್ ಸಾಕು, ಕಪ್ಪು 0.4 ನಿಟ್‌ವರೆಗೆ ಇರಬಹುದು. 400ನ್ನು 0.4ರಿಂದ ಭಾಗಿಸಿದರೆ ಸಾವಿರ, ಅಂದರೆ ಮಾಮೂಲಿ ಐಪಿಎಸ್ ಪ್ಯಾನೆಲ್ ಇರುವ ಹಾಗೇ ಪಾಸಾಗುತ್ತದೆ. ಪರದೆಯನ್ನು ಭಾಗ ಭಾಗವಾಗಿ ಮಬ್ಬು ಮಾಡುವ ವ್ಯವಸ್ಥೆ ಬೇಕೇಬೇಕು ಅಂತ ಇರಲಿಲ್ಲ. 2024ರ ಮೇ ತಿಂಗಳಲ್ಲಿ 1.2ನೇ ಆವೃತ್ತಿ ಬಂದು ಬಣ್ಣ, ಬಿಟ್, ಕಾಂಟ್ರಾಸ್ಟ್ ಎಲ್ಲದರಲ್ಲೂ ಬಿಗಿ ಮಾಡಿದರು. ಹಾಗಾಗಿ ಅದೇ 400 ಗುರುತಿನಲ್ಲಿ ಎರಡು ಬಗೆಯ ಮಾನಿಟರ್ ಸಿಗುತ್ತವೆ. ಆದರೆ ಹೊಸದರಲ್ಲೂ ಎಲ್‌ಸಿಡಿ ಆದರೆ ಬ್ಯಾಕ್‌ಲೈಟ್ ಎಷ್ಟು ಭಾಗವಾಗಿದೆ ಅಂತ ಹುಡುಕಿ ನೋಡಲೇಬೇಕು. ಟ್ರೂ ಬ್ಲ್ಯಾಕ್ 400 ಅಂತ ಇನ್ನೊಂದು ಗುರುತು ಇದೆ, ಸಂಖ್ಯೆ ಅದೇ ಇದ್ದರೂ ಅದು ಸುಷ್ಮಾ ಅವರದಂಥ ಒಎಲ್‌ಇಡಿ ಪರದೆಗಳಿಗೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಪವನ್

ಎಲ್ಲ ಮಾಡಿ ನೋಡಿದೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೌಸ್ ಪರೀಕ್ಷೆ: ಕಂಬ ಗಿಂಬ ಏನೂ ಇಲ್ಲ. ಬಾಣ ಎಲ್ಲಿಗೆ ಹೋದರೂ ಇಡೀ ಪರದೆ ಒಂದೇ ಸಮನೆ ಬೂದಿ. ನಾಲ್ಕು ಮೂಲೆಯಲ್ಲಿ ಸ್ವಲ್ಪ ಹಳದಿ ಬೆಳಕು ಸೋರ್ತಾ ಇದೆ. ಬಾಣವನ್ನು ಪರದೆಯಿಂದ ಹೊರಗೆ ಅಡಗಿಸಿದರೂ ಬದಲಾಗಲಿಲ್ಲ. ಅಂದರೆ ನನ್ನದರಲ್ಲಿ ಭಾಗವೇ ಇಲ್ಲ ಅಂತ ಗೊತ್ತಾಯ್ತು.

ಕ್ಯಾಲಿಬ್ರೇಶನ್: ಎರಡನೇ ಚಿತ್ರದಲ್ಲಿ ಆಕೃತಿ 340ಕ್ಕೆ ಮಾಯವಾಯ್ತು. ಮೂರನೆಯದರಲ್ಲೂ ಅಷ್ಟೇ.

ಗೇಮ್: ಗರಿಷ್ಠ ಹೊಳಪು 1000 ಅಂತ ಇತ್ತು, 340 ಮಾಡಿದೆ. ಗುಹೆಗೆ ಹೋಗಿ ನಿಂತೆ. ಮೋಡ ವಾಪಸ್ ಬಂತು! ಅಂಚು, ಒಳಗಿನ ಬೂದು ಛಾಯೆ ಎಲ್ಲ ಕಾಣ್ತಿದೆ. ಇದು ಮಾತ್ರ ಖುಷಿಯಾಯ್ತು ಸರ್. ಆದರೆ ಗೋಡೆ ಹಾಗೇ ಇದೆ. ಅಲ್ಲಿ ಪೇಪರ್ ವೈಟ್ ಅಂತ, ಕಾಗದದಂಥ ಸಾಮಾನ್ಯ ಬಿಳಿ ಎಷ್ಟು ಹೊಳೆಯಬೇಕು ಅನ್ನೋ ಇನ್ನೊಂದು ಗೆರೆ ಇತ್ತು, 200ರಲ್ಲಿತ್ತು. ಕಣ್ಣಿಗೆ ಜಾಸ್ತಿ ಅನ್ನಿಸಿ 120ಕ್ಕೆ ಇಳಿಸಿದೆ. ಸೂರ್ಯ ಮೊದಲಿಗಿಂತ ಎದ್ದು ಕಂಡ, ಆದರೆ ಗೋಡೆ ಇನ್ನೂ ಮಂಕಾಯ್ತು. ಯಾಕೆ ಹೀಗೆ?

ಶ್ರೀಧರ

ಭಾಗವಿಲ್ಲದ ಪರದೆಯಲ್ಲಿ ಇದರಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಪೇಪರ್ ವೈಟ್ 200 ಇಟ್ಟರೆ ಗೋಡೆಯೂ ಕಾಗದವೂ ಒಂದು ಮಟ್ಟಿಗೆ ಚೆನ್ನ, ಯಾಕೆಂದರೆ 200ಕ್ಕೂ 0.35ಕ್ಕೂ ಅಂತರ 570 ಪಟ್ಟು. ಆದರೆ ಸೂರ್ಯನಿಗೆ ಉಳಿದ ಜಾಗ 200ರಿಂದ 340, ಎರಡು ಪಟ್ಟೂ ಇಲ್ಲ. ಕಾಗದಕ್ಕಿಂತ ಸೂರ್ಯ ಸ್ವಲ್ಪ ಬೆಳ್ಳಗೆ ಅಷ್ಟೇ. 120ಕ್ಕೆ ಇಳಿಸಿದರೆ ಸೂರ್ಯನಿಗೆ ಸುಮಾರು ಮೂರು ಪಟ್ಟು ಜಾಗ ಸಿಗುತ್ತದೆ, ಆದರೆ ಉಳಿದ ಚಿತ್ರವೆಲ್ಲ ಕೆಳಗಿಳಿದು ಆ 0.35ರ ಬೂದಿಗೆ ಹತ್ತಿರವಾಗುತ್ತದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬರಿದಾಗುತ್ತದೆ. ಬ್ಯಾಕ್‌ಲೈಟ್ ಗೋಡೆಯ ಹಿಂದೆ ಇಳಿದು ಸೂರ್ಯನ ಹಿಂದೆ ಮಾತ್ರ ಏರುವಂತಿದ್ದರೆ ಈ ಜಗ್ಗಾಟವೇ ಇರುತ್ತಿರಲಿಲ್ಲ.

ನಿಮ್ಮ ಮಾನಿಟರ್‌ನಲ್ಲಿ ಎಚ್‌ಡಿಆರ್ ಆಫ್ ಮಾಡಿ, ಬ್ರೈಟ್‌ನೆಸ್ 30ಕ್ಕೆ ಮರಳಿಸಿ ಆಡಿ ಅನ್ನುವುದೇ ನನ್ನ ಸಲಹೆ. ಆ ಚಿತ್ರ ನಿಜವಾಗಿಯೂ ಇದಕ್ಕಿಂತ ಒಳ್ಳೆಯದು. `Win + Alt + B` ಒತ್ತಿದರೆ ತಕ್ಷಣ ಆನ್ ಆಫ್ ಆಗುತ್ತದೆ, ಎರಡನ್ನೂ ಹೋಲಿಸಿ ನೋಡಬಹುದು.

ಡೆಸ್ಕ್‌ಟಾಪ್ ಮಂಕಾಗುವುದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಎಚ್‌ಡಿಆರ್ ಆನ್ ಇರುವಾಗ ವಿಂಡೋಸ್ ಮಾಮೂಲಿ ಚಿತ್ರಗಳ ನೆರಳಿಗೆ ಬಳಸುವ ಸೂತ್ರ, ಹೆಚ್ಚಿನ ಮಾನಿಟರ್‌ಗಳು ತಾವಾಗಿ ಬಳಸುವ 2.2 ಗಾಮಾಗಿಂತ ನೆರಳನ್ನು ತುಸು ಮೇಲೆತ್ತುತ್ತದೆ. `SDR content brightness` ಗೆರೆಯಿಂದ ಒಟ್ಟು ಹೊಳಪನ್ನು ಸರಿಮಾಡಬಹುದು, ನೆರಳಿನ ಈ ಏರಿಕೆಯನ್ನಲ್ಲ. ಇದು ದುಬಾರಿ ಪರದೆಯಲ್ಲೂ ಆಗುತ್ತದೆ. ಆದ್ದರಿಂದ ಡೆಸ್ಕ್‌ಟಾಪ್ ನೋಡಿ ಮಾನಿಟರ್ ಬಗ್ಗೆ ತೀರ್ಮಾನ ಮಾಡಬೇಡಿ, ಎಚ್‌ಡಿಆರ್‌ಗಾಗಿಯೇ ಮಾಡಿದ ಗೇಮ್ ನೋಡಿ ಮಾಡಿ.

ಸುಷ್ಮಾ

ಹಾಗಾದರೆ ವಾಪಸ್ ಕೊಡಬೇಕಾ ಬೇಡವಾ? ಅದನ್ನು ನೀವು ಹೇಳಲೇ ಇಲ್ಲ.

ಶ್ರೀಧರ

ಎಚ್‌ಡಿಆರ್‌ಗಾಗಿಯೇ ತಗೊಂಡಿದ್ದರೆ ಕೊಡಲಿ. ಮಾಮೂಲಿ ಮೋಡ್‌ನಲ್ಲಿ ಎರಡು ದಿನ ಖುಷಿಯಾಗಿ ಆಡಿದ್ದಾರೆ, ಅಷ್ಟು ಸಾಕು ಅನ್ನಿಸಿದರೆ ಇಟ್ಟುಕೊಳ್ಳಲಿ. ಅದು ಪವನ್ ನಿರ್ಧಾರ.

ಪವನ್

ಇಟ್ಕೊಳ್ಳೋಣ ಅಂತ ಒಂದು ಮನಸ್ಸು. ಆದರೆ ಲಲಿತಾ ಮೇಡಂ ಹೇಳಿದ್ದು ಕೇಳಿ ಇನ್ನೊಂದು ಯೋಚನೆ ಬಂತು. ಡಿಮ್ಮಿಂಗ್ ಆಫ್ ಮಾಡಿದರೂ ಅವರ ವಿಎ ಪ್ಯಾನೆಲ್ ಕಪ್ಪು ಪರವಾಗಿಲ್ಲ ಅಂದ್ರಲ್ಲ. ಭಾಗವಿಲ್ಲದ ವಿಎ ತಗೊಂಡರೆ ನಡೆಯುತ್ತಾ?

ಶ್ರೀಧರ

ಲೆಕ್ಕದಲ್ಲಿ ನಡೆಯುತ್ತದೆ. ವಿಎ ಪ್ಯಾನೆಲ್ ಸಾಮಾನ್ಯವಾಗಿ 3000:1ರ ಆಸುಪಾಸು. ಬ್ಯಾಕ್‌ಲೈಟ್ 400ಕ್ಕೆ ಬೀಗ ಹಾಕಿದರೂ ಕಪ್ಪು 0.13ರಲ್ಲಿ ನಿಲ್ಲುತ್ತದೆ. ಅಂದರೆ ಎಚ್‌ಡಿಆರ್ ಆನ್ ಇದ್ದಾಗ ಅದರ ಕಪ್ಪು, ನಿಮ್ಮ ಐಪಿಎಸ್ ಮಾಮೂಲಿ ಮೋಡ್‌ನಲ್ಲಿ ಕೊಡುವ ಕಪ್ಪಿನಷ್ಟೇ. ಕೆಡುವುದಿಲ್ಲ, ಮೇಲೆ ಸ್ವಲ್ಪ ಹೊಳಪಿನ ಜಾಗವೂ ಸಿಗುತ್ತದೆ. ಆದರೆ ಅನೇಕ ಅಗ್ಗದ ವಿಎಗಳಲ್ಲಿ ಕಪ್ಪಿನಿಂದ ಬೂದಿಗೆ ಪಿಕ್ಸೆಲ್ ನಿಧಾನವಾಗಿ ಬದಲಾಗುತ್ತದೆ, ಕತ್ತಲ ದೃಶ್ಯದಲ್ಲಿ ಕ್ಯಾಮೆರಾ ತಿರುಗಿಸಿದರೆ ಮಸಿ ಎಳೆದ ಹಾಗೆ ಬಾಲ ಕಾಣುತ್ತದೆ. ವೇಗದ ಶೂಟಿಂಗ್ ಗೇಮ್ ಆಡುವವರಿಗೆ ಅದು ಆಗಿಬರುವುದಿಲ್ಲ.

ಲಲಿತಾ

ಬಾಲ ನನ್ನದರಲ್ಲೂ ಇದೆ, ನನಗೆ ಅಭ್ಯಾಸವಾಗಿದೆ. ಪವನ್, ನೀವು ಹೇಳಿದ ಗೇಮ್ ನನ್ನ ಹತ್ತಿರವೂ ಇದೆ. ಅದೇ ಗುಹೆಯಲ್ಲಿ ನಿಂತು ಡಿಮ್ಮಿಂಗ್ ಆನ್ ಇದ್ದಾಗ ಒಂದು, ಆಫ್ ಇದ್ದಾಗ ಒಂದು ಫೋಟೋ ತೆಗೆದು ಹಾಕಲಾ?

ನಾಗರಾಜ್

ಮೇಡಂ, ನಾನು ಮೊದಲು ತಪ್ಪು ತಿಳಿದುಕೊಂಡಿದ್ದೆ, ಶ್ರೀಧರ್ ಹೇಳಿದ್ದು ಈಗ ಅರ್ಥವಾಯಿತು. ಫೋಟೋ ವಿಷಯ ಮಾತ್ರ ನನಗೆ ಗೊತ್ತು, ಅದಕ್ಕೇ ಹೇಳುತ್ತೇನೆ. ಫೋನ್‌ನ ಎಚ್‌ಡಿಆರ್ ಆಫ್ ಮಾಡಿ ತೆಗೆಯಿರಿ, ಇಲ್ಲದಿದ್ದರೆ ಅದು ನೆರಳನ್ನು ತಾನೇ ಎತ್ತಿ ತೋರಿಸುತ್ತದೆ, ನಿಮ್ಮ ಕಪ್ಪು ನಮಗೆ ಬೂದಿಯಾಗಿ ಕಾಣುತ್ತದೆ. ಪ್ರೊ ಮೋಡ್‌ಗೆ ಹೋಗಿ ಐಎಸ್‌ಒ ಮತ್ತು ಶಟರ್ ಎರಡನ್ನೂ ಒಂದೇ ಸಂಖ್ಯೆಗೆ ಕಟ್ಟಿಹಾಕಿ ಎರಡೂ ಫೋಟೋ ತೆಗೆಯಿರಿ. ಶಟರ್ ಮೂವತ್ತರಲ್ಲಿ ಒಂದು ಸೆಕೆಂಡ್ ಅಥವಾ ಅದಕ್ಕಿಂತ ನಿಧಾನ ಇರಲಿ, ಬೇಗ ಇಟ್ಟರೆ ಪರದೆಯ ಮಿನುಗು ಪಟ್ಟಿಯಾಗಿ ಬೀಳಬಹುದು. ಪವನ್ ಕೂಡ ಅದೇ ಸಂಖ್ಯೆ ಇಟ್ಟು ತೆಗೆದರೆ ಗೋಡೆಯ ಕಪ್ಪನ್ನು ಸುಮಾರಾಗಿ ಹೋಲಿಸಬಹುದು.

ಲಲಿತಾ

ಐಎಸ್‌ಒ 400, ಶಟರ್ 1/30 ಇಡುತ್ತೇನೆ. ಪವನ್, ನೀವೂ ಅದನ್ನೇ ಇಡಿ, ಗುಹೆಯಲ್ಲಿ ಎಡಗಡೆ ಬಂಡೆಗೆ ಬೆನ್ನು ಕೊಟ್ಟು ನಿಲ್ಲಿ. ರಾತ್ರಿ ಹತ್ತಕ್ಕೆ ಹಾಕುತ್ತೇನೆ.

ಪವನ್

ಸರಿ ಮೇಡಂ. ನಾನು ಎಚ್‌ಡಿಆರ್ ಆನ್, ಆಫ್ ಎರಡರದ್ದೂ ಹಾಕ್ತೀನಿ. ವಾಪಸ್ ಕೊಡೋದು ಆಮೇಲೆ ನೋಡ್ತೀನಿ.